ಸಾಲ್ವರ್ ಲೆಕ್ಕದಲ್ಲಿ ಮೆಕ್ಕೆಜೋಳ ಸೊನ್ನೆ ಬರುತ್ತಿದೆ: ಪಶು ಆಹಾರದ ಮಿಶ್ರಣದಲ್ಲಿ ತಪ್ಪು ಎಲ್ಲಿದೆ?

ರಾಣೆಬೆನ್ನೂರು ಮಿಲ್

ಎಲ್ಲರಿಗೂ ನಮಸ್ಕಾರ. ನಮ್ಮದು ದಿನಕ್ಕೆ ಸುಮಾರು 20 ಟನ್ ಪಶು ಆಹಾರ ತಯಾರಿಸುವ ಸಣ್ಣ ಮಿಲ್ಲು. ಇಷ್ಟು ವರ್ಷ ತಂದೆಯವರು ಬರೆದಿಟ್ಟ ಅಳತೆಯಲ್ಲೇ ಮಿಶ್ರಣ ಮಾಡುತ್ತಿದ್ದೆವು. ಮೆಕ್ಕೆಜೋಳದ ದರ ಏರಿದ ಮೇಲೆ ಆ ಅಳತೆ ಗಿಟ್ಟುತ್ತಿಲ್ಲವಾದ್ದರಿಂದ ಎಕ್ಸೆಲ್ ಸಾಲ್ವರ್‌ನಲ್ಲಿ ಕನಿಷ್ಠ ವೆಚ್ಚದ ಲೆಕ್ಕ ಹಾಕಲು ಕುಳಿತೆ.

100 ಕೆಜಿ ಆಹಾರದಲ್ಲಿ ಕಾಕಂಬಿ 7 ಕೆಜಿ, ಖನಿಜ ಮಿಶ್ರಣ 2 ಕೆಜಿ, ಉಪ್ಪು 1 ಕೆಜಿ ಎಂದು ಮೊದಲೇ ನಿಗದಿ ಮಾಡಿದ್ದೇನೆ. ಈ ಹತ್ತು ಕೆಜಿಯಿಂದ ಪ್ರೋಟೀನ್ ಆಗಲಿ ನಾರು ಆಗಲಿ ಬರುವುದಿಲ್ಲವೆಂದು ಹಿಡಿದಿದ್ದೇನೆ. ಉಳಿದ 90 ಕೆಜಿಗೆ ಮೂರು ಪದಾರ್ಥಗಳಿವೆ. ಮೆಕ್ಕೆಜೋಳದಲ್ಲಿ ಪ್ರೋಟೀನ್ ಶೇ. 9, ನಾರು ಶೇ. 2, ನಮಗೆ ಬೀಳುವ ದರ ಕೆಜಿಗೆ 24 ರೂಪಾಯಿ. ಎಣ್ಣೆ ತೆಗೆದ ತೌಡಿನಲ್ಲಿ ಪ್ರೋಟೀನ್ ಶೇ. 15, ನಾರು ಶೇ. 14, ದರ 16 ರೂಪಾಯಿ. ಸಾಲ್ವೆಂಟ್ ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಶೇ. 45, ನಾರು ಶೇ. 10, ದರ 40 ರೂಪಾಯಿ. ಪ್ರೋಟೀನ್ ಶೇ. 20ಕ್ಕೆ ಕಡಿಮೆ ಇರಬಾರದು, ನಾರು ಶೇ. 12ಕ್ಕೆ ಮೀರಬಾರದು ಎಂಬ ಎರಡು ಮಿತಿಗಳನ್ನು ಕೊಟ್ಟೆ.

ಬಂದ ಉತ್ತರ: ತೌಡು 68.3 ಕೆಜಿ, ಶೇಂಗಾ ಹಿಂಡಿ 21.7 ಕೆಜಿ, ಮೆಕ್ಕೆಜೋಳ ಸೊನ್ನೆ. ವೆಚ್ಚ 100 ಕೆಜಿಗೆ 1,960 ರೂಪಾಯಿ, ಕಾಕಂಬಿ ಮುಂತಾದವುಗಳನ್ನು ಬಿಟ್ಟು. ಮೆಕ್ಕೆಜೋಳವೇ ಇಲ್ಲದ ಪಶು ಆಹಾರವನ್ನು ನಾನು ಈವರೆಗೆ ಕಂಡಿಲ್ಲ. ಲೆಕ್ಕದಲ್ಲಿ ಎಲ್ಲಿ ಎಡವಿದ್ದೇನೆ?

ಹಳೆಯ ಅಳತೆ

ಇಷ್ಟಕ್ಕೆ ಕಂಪ್ಯೂಟರ್ ಏಕೆ ಬೇಕು? ನಾವು ಮೂವತ್ತು ವರ್ಷಗಳಿಂದ ಚೌಕದ ಲೆಕ್ಕ ಹಾಕುತ್ತಿದ್ದೇವೆ. 90 ಕೆಜಿಯಲ್ಲಿ 20 ಕೆಜಿ ಪ್ರೋಟೀನ್ ಬೇಕೆಂದರೆ ಆ ಭಾಗದಲ್ಲಿ ಶೇ. 22.22 ಇರಬೇಕು. ಒಂದು ಮೂಲೆಯಲ್ಲಿ ತೌಡಿನ 15, ಇನ್ನೊಂದು ಮೂಲೆಯಲ್ಲಿ ಹಿಂಡಿಯ 45, ನಡುವೆ 22.22 ಬರೆದು ಓರೆಯಾಗಿ ಕಳೆದರೆ ತೌಡಿಗೆ 22.78 ಪಾಲು, ಹಿಂಡಿಗೆ 7.22 ಪಾಲು ಸಿಗುತ್ತದೆ. 90 ಕೆಜಿಗೆ ಹಂಚಿದಾಗ ಹಿಂಡಿ 21.7 ಕೆಜಿಯೇ ಬರುತ್ತದೆ. ನಿಮ್ಮ ಸಾಲ್ವರ್ ಹೇಳಿದ್ದೂ ಅದನ್ನೇ ಅಲ್ಲವೇ? ಲೆಕ್ಕ ಸರಿಯಾಗಿದೆ, ಧೈರ್ಯವಾಗಿ ಮಿಶ್ರಣ ಮಾಡಿ.

ಕೋಲಾರದ ಹಸುಗಳು

ನನ್ನ ಬಳಿ ಎರಡು ಎಚ್‌ಎಫ್ ಹಸುಗಳಿವೆ, ಮನೆಯಲ್ಲೇ ಬೆಳೆದ ರಾಗಿ ನಾಲ್ಕು ಚೀಲ ಉಳಿದಿದೆ. ಮೆಕ್ಕೆಜೋಳದ ಬದಲು ರಾಗಿ ಹಾಕಿದರೆ ಹಾಲು ಹೆಚ್ಚಾಗುತ್ತದೆಯೇ ಎಂದು ದಯವಿಟ್ಟು ತಿಳಿಸಿ.

ಮಿಶ್ರಣ ಮೇಜು

ರಾಣೆಬೆನ್ನೂರಿನವರೇ, ನಾನು ಹದಿನೆಂಟು ವರ್ಷ ಪಶು ಆಹಾರ ಘಟಕಗಳಲ್ಲಿ ಇದೇ ಮಿಶ್ರಣದ ಕೆಲಸ ಮಾಡಿದವನು. ನಿಮ್ಮ ಲೆಕ್ಕ ಎಡವಿಲ್ಲ. ನೀವು ಕೇಳಿದ ಪ್ರಶ್ನೆಗೆ ಸಾಲ್ವರ್ ಸರಿಯಾದ ಉತ್ತರವನ್ನೇ ಕೊಟ್ಟಿದೆ. ಆದರೆ ಹಸುವಿಗೆ ಬೇಕಾದುದೆಲ್ಲವನ್ನೂ ನೀವು ಅದಕ್ಕೆ ಹೇಳಿಲ್ಲ. ಎರಡೇ ಮಿತಿ ಕೊಟ್ಟರೆ ಆ ಎರಡನ್ನು ಬಿಟ್ಟು ಬೇರೆ ಯಾವುದನ್ನೂ ಅದು ಲೆಕ್ಕಿಸುವುದಿಲ್ಲ. ಮೆಕ್ಕೆಜೋಳವನ್ನು ನಾವು ಪ್ರೋಟೀನ್‌ಗಾಗಿ ಹಾಕುವುದಿಲ್ಲ, ಪಿಷ್ಟದ ಶಕ್ತಿಗಾಗಿ ಹಾಕುತ್ತೇವೆ, ಮತ್ತು ಶಕ್ತಿಯ ಮಾತು ನಿಮ್ಮ ಹಾಳೆಯಲ್ಲಿ ಎಲ್ಲಿಯೂ ಇಲ್ಲ.

ಹಳೆಯ ಅಳತೆಯವರ ಚೌಕ ಇಲ್ಲಿ ಸಾಲ್ವರ್‌ಗೆ ಸರಿಹೊಂದಿದ್ದಕ್ಕೆ ಕಾರಣವಿದೆ. ಆ ಮಿಶ್ರಣದ ನಾರನ್ನು ಕೂಡಿಸಿ ನೋಡಿದರೆ ಶೇ. 11.73 ಬರುತ್ತದೆ, ಅಂದರೆ 12ರ ಮಿತಿಯನ್ನು ಅದು ಮುಟ್ಟಿಯೇ ಇಲ್ಲ. ಪ್ರೋಟೀನ್ ಒಂದೇ ಬಿಗಿಯಾಗಿರುವಾಗ ಎರಡು ಪದಾರ್ಥಗಳ ಚೌಕ ಸಾಕಾಗುತ್ತದೆ. ನಾರೂ ಬಿಗಿಯಾದ ಕ್ಷಣ ಮೂರನೆಯ ಪದಾರ್ಥ ಬೇಕಾಗುತ್ತದೆ, ಆಗ ಚೌಕ ಸಾಲುವುದಿಲ್ಲ.

ನಿಮ್ಮ ಖರೀದಿದಾರರು ಒಪ್ಪುವ ನಾರಿನ ಮಿತಿ ನಿಜವಾಗಿ ಎಷ್ಟು?

ರಾಣೆಬೆನ್ನೂರು ಮಿಲ್

12 ಎಂಬುದನ್ನು ಬಿಐಎಸ್‌ನ ಐಎಸ್ 2052ರ ಎರಡನೆಯ ದರ್ಜೆಯಿಂದ ತೆಗೆದುಕೊಂಡೆ. ಆದರೆ ನಮ್ಮಿಂದ ಹೆಚ್ಚು ಕೊಳ್ಳುವ ಹಾಲು ಉತ್ಪಾದಕರ ಸಂಘದವರು ಈ ಬಾರಿಯ ಒಪ್ಪಂದದಲ್ಲಿ ಪ್ರೋಟೀನ್ 20, ನಾರು 10 ಎಂದು ಬರೆದಿದ್ದಾರೆ.

ಮಿಶ್ರಣ ಮೇಜು

ಹಾಗಾದರೆ ಅದನ್ನೇ ಹಾಕಿ. ಎಕ್ಸೆಲ್ ಬಿಟ್ಟು lp_solve ಬಳಸುವವರಿಗೆ ಇಡೀ ಸಮಸ್ಯೆ ನಾಲ್ಕು ಸಾಲು ಮಾತ್ರ:

```
min: 24 M + 16 R + 40 G;
kg:   M + R + G = 90;
prot: 0.09 M + 0.15 R + 0.45 G >= 20;
fib:  0.02 M + 0.14 R + 0.10 G <= 10;
```

M ಎಂದರೆ ಮೆಕ್ಕೆಜೋಳ, R ಎಂದರೆ ತೌಡು, G ಎಂದರೆ ಶೇಂಗಾ ಹಿಂಡಿ. ಉತ್ತರ ಈಗ ಮೆಕ್ಕೆಜೋಳ 13.5 ಕೆಜಿ, ತೌಡು 52.1 ಕೆಜಿ, ಹಿಂಡಿ 24.4 ಕೆಜಿ, ವೆಚ್ಚ 2,133 ರೂಪಾಯಿ. ನಾರನ್ನು ಇಳಿಸಲು ತೌಡನ್ನು ಕಡಿಮೆ ಮಾಡಬೇಕಾಯಿತು, ತೌಡಿನ ಜೊತೆ ಹೋದ ಪ್ರೋಟೀನನ್ನು ಹಿಂಡಿಯಿಂದ ತುಂಬಬೇಕಾಯಿತು, ಉಳಿದ ಜಾಗಕ್ಕೆ ನಾರು ಕಡಿಮೆ ಇರುವ ಮೆಕ್ಕೆಜೋಳ ಬಂತು.

ಇಲ್ಲಿಗೆ ನಿಲ್ಲಿಸಬೇಡಿ. ಸಾಲ್ವರ್‌ನಲ್ಲಿ Simplex LP ವಿಧಾನವನ್ನೇ ಆರಿಸಿ, ಉತ್ತರ ಬಂದ ಮೇಲೆ Sensitivity ವರದಿಯನ್ನು ತೆರೆಯಿರಿ. ಅದರ Shadow Price ಕಂಬದಲ್ಲಿ ಪ್ರೋಟೀನ್ ಎದುರು 66.67, ನಾರಿನ ಎದುರು −100 ಕಾಣುತ್ತದೆ. ಕ್ವಿಂಟಾಲಿಗೆ ಪ್ರೋಟೀನ್ ಮಿತಿಯನ್ನು ಒಂದು ಅಂಶ ಏರಿಸಿದರೆ 66 ರೂಪಾಯಿ 67 ಪೈಸೆ ಹೆಚ್ಚು ಖರ್ಚಾಗುತ್ತದೆ, ನಾರಿನ ಮಿತಿಯನ್ನು ಒಂದು ಅಂಶ ಸಡಿಲಿಸಿದರೆ 100 ರೂಪಾಯಿ ಉಳಿಯುತ್ತದೆ ಎಂದು ಅದರ ಅರ್ಥ. ಸಂಘದವರೊಂದಿಗೆ ದರ ಮಾತಾಡುವಾಗ ನಿಮ್ಮ ಕೈಯಲ್ಲಿ ಇರಬೇಕಾದ ಅಂಕಿ ಇದೇ. ಅವರು ನಾರನ್ನು 10ಕ್ಕೆ ಇಳಿಸಲು ಕೇಳಿದ್ದರಿಂದ ನಿಮಗೆ ಕ್ವಿಂಟಾಲಿಗೆ 173 ರೂಪಾಯಿ ಹೆಚ್ಚು ಬಿದ್ದಿದೆ.

ಕೋಲಾರದ ಹಸುಗಳು

ನನ್ನ ರಾಗಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಮಿಶ್ರಣ ಮೇಜು

ಕ್ಷಮಿಸಿ. ಇಲ್ಲಿ ಚರ್ಚೆಯಾಗುತ್ತಿರುವುದು ಮಿಲ್ಲಿನ ಖರೀದಿಯ ಲೆಕ್ಕ, ಆದರೂ ನಿಮ್ಮ ಪ್ರಶ್ನೆಗೆ ಅದೇ ಅಂಕಿಗಳಿಂದ ಉತ್ತರ ಹೇಳಬಹುದು. ಮೇಲಿನ ಮಿಶ್ರಣದಲ್ಲಿ ಯಾವುದೇ ಹೊಸ ಪದಾರ್ಥದ ಬೆಲೆ ಕಟ್ಟಲು ಬುಡದ 20 ರೂಪಾಯಿಗೆ ಪ್ರತಿ ಕೆಜಿ ಪ್ರೋಟೀನ್‌ಗೆ 66.67 ಕೂಡಿಸಿ, ಪ್ರತಿ ಕೆಜಿ ನಾರಿಗೆ 100 ಕಳೆಯಬೇಕು. ಬುಡದ 20 ಎಂಬುದು ಆ 90 ಕೆಜಿಯ ಸಾಲಿನ ಎದುರು ಬರುವ ಅಂಕಿ. ರಾಗಿಯಲ್ಲಿ ಪ್ರೋಟೀನ್ ಶೇ. 7.5, ನಾರು ಶೇ. 3.5 ಎಂದು ಹಿಡಿದರೆ 20 ಕೂಡಿಸು 5, ಕಳೆ 3.50, ಅಂದರೆ 21 ರೂಪಾಯಿ 50 ಪೈಸೆ. ರಾಗಿಯ ಬೆಂಬಲ ಬೆಲೆಯೇ 2024-25ರಲ್ಲಿ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. ಮಿಲ್ಲಿನವರು ಅದನ್ನು ಮುಟ್ಟುವುದಿಲ್ಲ. ನೀವೂ ಒಳ್ಳೆಯ ರಾಗಿಯನ್ನು ಮಾರಿ, ಆ ಹಣದಲ್ಲಿ ಮೆಕ್ಕೆಜೋಳದ ನುಚ್ಚು ತಂದರೆ ಹಸುವಿಗೆ ಹೆಚ್ಚು ಆಹಾರ ಸಿಗುತ್ತದೆ. ಮಳೆಗೆ ಸಿಕ್ಕಿ ಮಾರಲು ಬಾರದ ರಾಗಿಯಾಗಿದ್ದರೆ, ಬೂಸ್ಟು ಹಿಡಿದಿಲ್ಲವೆಂದು ಖಚಿತಪಡಿಸಿಕೊಂಡು ನುಚ್ಚು ಮಾಡಿ ಹಾಕಬಹುದು.

ಸಂಘದ ಕಾರ್ಯದರ್ಶಿ

ನಾನು ಬೇರೆ ತಾಲ್ಲೂಕಿನ ಹಾಲು ಸಂಘದಲ್ಲಿದ್ದೇನೆ. ನಿಮ್ಮ ಲೆಕ್ಕದಲ್ಲಿ ಹತ್ತಿಕಾಳು ಹಿಂಡಿಯ ಹೆಸರೇ ಇಲ್ಲದಿರುವುದು ನನಗೆ ಆಶ್ಚರ್ಯ ತಂದಿದೆ. ನಮ್ಮ ರೈತರು ಚೀಲ ಬಿಚ್ಚಿದ ಕೂಡಲೇ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ಮೂಸುತ್ತಾರೆ. ಹತ್ತಿಕಾಳಿನ ಸಿಪ್ಪೆ ಕಾಣದಿದ್ದರೆ, ಎಣ್ಣೆಯ ವಾಸನೆ ಬಾರದಿದ್ದರೆ ಚೀಲವನ್ನು ವಾಪಸು ತರುತ್ತಾರೆ. ಹಾಲಿನ ಫ್ಯಾಟ್ ಏರುವುದು ಆ ಹಿಂಡಿಯಿಂದಲೇ ಎಂಬುದು ಅವರ ಅನುಭವ, ಮತ್ತು ಸಂಘದಲ್ಲಿ ಹಣ ಸಿಗುವುದು ಫ್ಯಾಟ್ ಮೇಲೆ.

ಮಿಶ್ರಣ ಮೇಜು

ಅನುಭವವನ್ನು ನಾನು ತಳ್ಳಿಹಾಕುವುದಿಲ್ಲ, ಗಾಣದ ಹತ್ತಿಕಾಳು ಹಿಂಡಿಯಲ್ಲಿ ಉಳಿದಿರುವ ಎಣ್ಣೆಗೆ ಬೆಲೆಯಿದೆ. ಆದರೆ ಅದಕ್ಕೆ ತೆರುವ ದರವನ್ನು ತಿಳಿದು ತೆರಬೇಕು. ಸಿಪ್ಪೆಸಹಿತ ಹಿಂಡಿಯಲ್ಲಿ ಪ್ರೋಟೀನ್ ಶೇ. 22, ನಾರು ಶೇ. 24 ಎಂದರೆ, ಈ ಮಿಶ್ರಣದಲ್ಲಿ ಅದರ ಯೋಗ್ಯ ಬೆಲೆ ಕೆಜಿಗೆ 10 ರೂಪಾಯಿ 67 ಪೈಸೆ. ಮಾರುಕಟ್ಟೆಯಲ್ಲಿ 32 ರೂಪಾಯಿ ಕೊಟ್ಟು ಕ್ವಿಂಟಾಲಿಗೆ 10 ಕೆಜಿ ಹಾಕಲೇಬೇಕೆಂದು ಕಟ್ಟಿಹಾಕಿದರೆ ವೆಚ್ಚ 2,133ರಿಂದ 2,347ಕ್ಕೆ ಏರುತ್ತದೆ. ರೈತನ ಚೀಲದಲ್ಲಿ ಅದು ಕೆಜಿಗೆ ಎರಡು ರೂಪಾಯಿಗಿಂತ ಹೆಚ್ಚು. ಅಷ್ಟೇ ಎಣ್ಣೆಯನ್ನು ಎಣ್ಣೆ ಇರುವ ತೌಡಿನಿಂದಲೂ ತರಬಹುದು.

ಸಂಘದ ಕಾರ್ಯದರ್ಶಿ

ಆ ತೌಡು ಹದಿನೈದು ದಿನಕ್ಕೆ ಕಮಟು ಹಿಡಿಯುತ್ತದೆ, ಆ ಮೇಲೆ ಹಸು ಮೂಸಿ ಮುಖ ತಿರುಗಿಸುತ್ತದೆ. ಹಸು ತಿನ್ನದ ಆಹಾರ ಎಷ್ಟು ಅಗ್ಗವಾದರೇನು? ಹಸು ತಿನ್ನಬೇಕು, ರೈತ ಕೊಳ್ಳಬೇಕು ಎಂಬ ಮಿತಿಯನ್ನೂ ನಿಮ್ಮ ನಾಲ್ಕು ಸಾಲಿನಲ್ಲಿ ಐದನೆಯದಾಗಿ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಎರಡು ರೂಪಾಯಿ ಹೆಚ್ಚಾದರೂ ನಮ್ಮವರು ಕೊಡುತ್ತಾರೆ.

ದಾವಣಗೆರೆ ದಲ್ಲಾಳಿ

ಯಾರೂ ಡಿಡಿಜಿಎಸ್ ಎತ್ತಿಲ್ಲ. ಧಾನ್ಯದಿಂದ ಎಥನಾಲ್ ತೆಗೆಯುವ ಕಾರ್ಖಾನೆಗಳು ಒಂದು ಕಡೆ ಮೆಕ್ಕೆಜೋಳವನ್ನು ಸೆಳೆದು ದರ ಏರಿಸಿವೆ, ಇನ್ನೊಂದು ಕಡೆ ಪಿಷ್ಟ ಹೋಗಿ ಉಳಿದ ಪದಾರ್ಥವನ್ನು ಒಣಗಿಸಿ ಮಾರುತ್ತಿವೆ. ಮೆಕ್ಕೆಜೋಳದ ಡಿಡಿಜಿಎಸ್ ನಮ್ಮಲ್ಲಿ 26 ರೂಪಾಯಿಗೆ ಸಿಗುತ್ತಿದೆ. ಪ್ರೋಟೀನ್ ಶೇ. 28, ನಾರು ಶೇ. 8. ಹಿಂಡಿಯನ್ನು ಪೂರ್ತಿ ಬಿಟ್ಟು ಇದನ್ನೇ ತುಂಬಿ, ಲಾಭವಿದೆ.

ಮಿಶ್ರಣ ಮೇಜು

ಅರ್ಧ ಮಾತು ಸರಿ. ಅದೇ ಕಟ್ಟಳೆಯಲ್ಲಿ ಅದರ ಯೋಗ್ಯ ಬೆಲೆ 30 ರೂಪಾಯಿ 67 ಪೈಸೆ. 26ಕ್ಕೆ ಸಿಗುವುದಾದರೆ ಕೊಳ್ಳಬೇಕು. ಕ್ವಿಂಟಾಲಿಗೆ 10 ಕೆಜಿ ಹಾಕಿದಾಗ ವೆಚ್ಚ 2,087ಕ್ಕೆ ಇಳಿಯುತ್ತದೆ, ಅಂದರೆ ದಿನಕ್ಕೆ 20 ಟನ್ ಮಾಡುವ ಮಿಲ್ಲಿಗೆ ಒಂಬತ್ತು ಸಾವಿರಕ್ಕೂ ಮೀರಿ ಉಳಿತಾಯ.

ಆದರೆ ಮಿತಿಯಿಲ್ಲದೆ ತುಂಬುವುದನ್ನು ನಾನು ಒಪ್ಪುವುದಿಲ್ಲ. ಪಿಷ್ಟವೆಲ್ಲ ಎಥನಾಲ್ ಆಗಿ ಹೋಗುವುದರಿಂದ ಮೂಲ ಮೆಕ್ಕೆಜೋಳದಲ್ಲಿದ್ದ ಬೂಸ್ಟಿನ ವಿಷ ಡಿಡಿಜಿಎಸ್‌ನಲ್ಲಿ ಸುಮಾರು ಮೂರು ಪಟ್ಟು ಗಟ್ಟಿಯಾಗುತ್ತದೆ. ಶೇಂಗಾ ಹಿಂಡಿಯ ಅಫ್ಲಾಟಾಕ್ಸಿನ್ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಪಶು ಆಹಾರಕ್ಕೆ ಮಿತಿ ಕೆಜಿಗೆ 20 ಮೈಕ್ರೋಗ್ರಾಂ. ಇದನ್ನೂ ಪ್ರೋಟೀನಿನಂತೆಯೇ ಒಂದು ಸಾಲಾಗಿ ಬರೆಯಬಹುದು. ಹಿಂಡಿಯಲ್ಲಿ 60, ಡಿಡಿಜಿಎಸ್‌ನಲ್ಲಿ 40 ಇದ್ದರೆ, 19.4 ಕೆಜಿ ಹಿಂಡಿಯಿಂದ 11.6, 10 ಕೆಜಿ ಡಿಡಿಜಿಎಸ್‌ನಿಂದ 4, ಒಟ್ಟು 15.6 ಆಗುತ್ತದೆ, ತೌಡು ಮತ್ತು ಮೆಕ್ಕೆಜೋಳಕ್ಕೆ ಉಳಿಯುವುದು ನಾಲ್ಕೂವರೆಗಿಂತ ಕಡಿಮೆ. ಕಡಿಮೆ ಬೆಲೆಯ ಲಾಟುಗಳು ಏಕೆ ಕಡಿಮೆ ಬೆಲೆಗೆ ಬರುತ್ತವೆ ಎಂಬುದು ಈ ಸಾಲನ್ನು ಸೇರಿಸಿದ ಮೇಲೆ ತಿಳಿಯುತ್ತದೆ.

ದಾವಣಗೆರೆ ದಲ್ಲಾಳಿ

ನಾನು ಕೊಡುವ ಮಾಲಿಗೆ ಪರೀಕ್ಷೆಯ ವರದಿ ಜೊತೆಗೇ ಇರುತ್ತದೆ.

ಪ್ರಯೋಗಾಲಯದ ಮೇಜು

ಆ ವರದಿ ಯಾವ ಚೀಲದ್ದು ಎಂದು ಕೇಳಬೇಕಾಗುತ್ತದೆ. ಅಫ್ಲಾಟಾಕ್ಸಿನ್ ಲಾರಿಯ ತುಂಬ ಒಂದೇ ಸಮನೆ ಹರಡಿರುವುದಿಲ್ಲ, ಗಂಟುಗಂಟಾಗಿ ಇರುತ್ತದೆ. ಒಂದೇ ಚೀಲದಿಂದ ಬೊಗಸೆ ತುಂಬ ತೆಗೆದು ಕಳುಹಿಸಿದ ಮಾದರಿ ಸೊನ್ನೆಯನ್ನೂ ತೋರಿಸಬಹುದು, ನೂರನ್ನೂ ತೋರಿಸಬಹುದು. ಹಲವು ಚೀಲಗಳಿಗೆ ಕೊಳವೆ ಚುಚ್ಚಿ, ಬಂದುದನ್ನೆಲ್ಲ ಬೀಸಿ, ಕಲಸಿ, ಆ ಮೇಲೆ ಭಾಗ ಮಾಡಿ ತೆಗೆದ ಮಾದರಿಯನ್ನು ಮಾತ್ರ ನಂಬಬೇಕು.

ಪ್ರೋಟೀನ್ ವಿಷಯದಲ್ಲೂ ಒಂದು ಮಾತು. ಮಿಲ್ಲಿನವರು ಕೊಟ್ಟಿರುವ 9, 15, 45 ಎಂಬ ಅಂಕಿಗಳು ಇರುವ ಮಾಲಿನ ಮೇಲಿನವೋ, ಒಣ ತೂಕದ ಮೇಲಿನವೋ? ಐಎಸ್ 2052ರ ಪ್ರೋಟೀನ್ ಮತ್ತು ನಾರಿನ ಮಿತಿಗಳು ಒಣ ತೂಕಕ್ಕೆ ಸಂಬಂಧಿಸಿದವು. ಒಂದು ಕಡೆ ಹಸಿ, ಇನ್ನೊಂದು ಕಡೆ ಒಣ ಹಿಡಿದರೆ ಲೆಕ್ಕ ಎಷ್ಟೇ ನಿಖರವಾಗಿದ್ದರೂ ಉತ್ತರ ಬೇರೆಯದೇ ಆಗುತ್ತದೆ. ಇನ್ನು ಶೇಂಗಾ ಹಿಂಡಿ 45 ಎಂಬುದನ್ನು ಯಾವಾಗ ಪರೀಕ್ಷಿಸಿದ್ದೀರಿ?

ರಾಣೆಬೆನ್ನೂರು ಮಿಲ್

ವರದಿಗಳನ್ನು ತೆಗೆದು ನೋಡಿದೆ. ಮೂರೂ ಅಂಕಿಗಳು ಇರುವ ಮಾಲಿನ ಮೇಲಿನವೇ, ತೇವಾಂಶ ಸೇರಿಸಿ. ಸಂಘದ ಒಪ್ಪಂದದಲ್ಲಿ ಮಾತ್ರ "ಒಣ ತೂಕದ ಆಧಾರದಲ್ಲಿ" ಎಂಬ ಸಾಲು ಇದೆ, ನಾನು ಅದನ್ನು ಗಮನಿಸಿರಲಿಲ್ಲ. ನಮ್ಮ ಸಿದ್ಧ ಆಹಾರದಲ್ಲಿ ತೇವಾಂಶ ಶೇ. 10ರ ಆಸುಪಾಸು ಇರುತ್ತದೆ. ಹಿಂಡಿಯ 45 ಹೋದ ವರ್ಷದ್ದು. ಮೊನ್ನೆ ಬಂದ ಲಾಟಿನ ವರದಿಯಲ್ಲಿ 42 ಇದೆ.

ಮಿಶ್ರಣ ಮೇಜು

ಗಂಟು ಇಲ್ಲೇ ಇತ್ತು. ಪ್ರಯೋಗಾಲಯದವರು ಕೇಳಿದ್ದು ಒಳ್ಳೆಯದಾಯಿತು, ನಾನೇ ಮೊದಲು ಕೇಳಬೇಕಾಗಿತ್ತು.

ತೇವಾಂಶ ಶೇ. 10 ಎಂದರೆ 100 ಕೆಜಿ ಚೀಲದಲ್ಲಿ 90 ಕೆಜಿ ಒಣ ಪದಾರ್ಥ. ಅದರ ಶೇ. 20 ಪ್ರೋಟೀನ್ ಎಂದರೆ 18 ಕೆಜಿ, ಶೇ. 10 ನಾರು ಎಂದರೆ 9 ಕೆಜಿ. ಆದ್ದರಿಂದ ನಿಮ್ಮ ಹಾಳೆಯಲ್ಲಿ 20ರ ಬದಲು 18, 10ರ ಬದಲು 9 ಬರೆಯಬೇಕು. ಇಷ್ಟು ದಿನ ನೀವು ಒಂದು ಕಡೆ ಅಗತ್ಯಕ್ಕಿಂತ ಎರಡು ಅಂಶ ಹೆಚ್ಚು ಪ್ರೋಟೀನ್ ಕೊಡಲು ಹೊರಟಿದ್ದಿರಿ, ಇನ್ನೊಂದು ಕಡೆ ನಾರಿನ ಮಿತಿಯನ್ನು ಮೀರುತ್ತಿದ್ದಿರಿ. ಹಿಂಡಿ 45 ಎಂದೇ ಇಟ್ಟುಕೊಂಡರೆ ಹೊಸ ಉತ್ತರ ಮೆಕ್ಕೆಜೋಳ 23.4, ತೌಡು 46.9, ಹಿಂಡಿ 19.7 ಕೆಜಿ, ವೆಚ್ಚ 2,100 ರೂಪಾಯಿ. ಮೆಕ್ಕೆಜೋಳ ತಾನಾಗಿಯೇ ಸುಮಾರು ಕಾಲು ಪಾಲಿಗೆ ಬಂತು ನೋಡಿ, ಖರ್ಚೂ 33 ರೂಪಾಯಿ ಇಳಿಯಿತು.

ಹಿಂಡಿ 42 ಆದಾಗ ಅದೇ ಅಳತೆಯಲ್ಲಿ ಮಿಶ್ರಣ ಮಾಡಿದರೆ ಚೀಲದ ಪ್ರೋಟೀನ್ 18ರಿಂದ 17.4ಕ್ಕೆ ಬೀಳುತ್ತದೆ ಮತ್ತು ಲಾಟು ಪರೀಕ್ಷೆಯಲ್ಲಿ ಸೋಲುತ್ತದೆ. ಮತ್ತೆ ಲೆಕ್ಕ ಹಾಕಿದರೆ ಮೆಕ್ಕೆಜೋಳ 22.8, ತೌಡು 45.5, ಹಿಂಡಿ 21.7 ಕೆಜಿ, ವೆಚ್ಚ 2,143. ಆ ಹಿಂಡಿಯ ಯೋಗ್ಯ ಬೆಲೆ 20 ಕೂಡಿಸು 28, ಕಳೆ 10, ಅಂದರೆ 38 ರೂಪಾಯಿ. ನೀವು 40 ಕೊಟ್ಟಿದ್ದೀರಿ. ಮುಂದಿನ ಖರೀದಿಯಲ್ಲಿ ಪ್ರೋಟೀನ್ 45ಕ್ಕಿಂತ ಇಳಿದ ಪ್ರತಿ ಅಂಶಕ್ಕೆ 67 ಪೈಸೆ ಕಡಿತ ಎಂದು ಬರೆಸಿಕೊಳ್ಳಿ.

ಇನ್ನೊಂದು ಸಂಗತಿಯನ್ನು ಗಮನಿಸಿ. ಮೂರೇ ಪದಾರ್ಥಗಳಿರುವ ಈ ಹಾಳೆಯಲ್ಲಿ ತೌಡಿನ ದರ 16ರಿಂದ 18ಕ್ಕೋ 20ಕ್ಕೋ ಏರಿದರೆ ಖರ್ಚು ಏರುತ್ತದೆಯೇ ಹೊರತು ಅಳತೆ ಕದಲುವುದಿಲ್ಲ; 26 ರೂಪಾಯಿ ದಾಟುವವರೆಗೂ ಹಾಗೆಯೇ ಇರುತ್ತದೆ. ಅಳತೆಯನ್ನು ಕದಲಿಸುವುದು ಪರೀಕ್ಷೆಯ ಅಂಕಿ. ಆದ್ದರಿಂದ ದಿನವೂ ದರ ನೋಡಿ ಸಾಲ್ವರ್ ಒತ್ತುವುದಕ್ಕಿಂತ, ಲಾರಿ ಬಂದಾಗಲೆಲ್ಲ ಮಾದರಿ ತೆಗೆದು ಒತ್ತುವುದು ಮೇಲು.

ಹಳೆಯ ಅಳತೆ

ನನ್ನ ಚೌಕ ಇಷ್ಟನ್ನು ಮಾಡಲಾರದು ಎಂದು ಒಪ್ಪುತ್ತೇನೆ. ಆದರೆ ಪ್ರೋಟೀನ್ ಕಡಿಮೆ ಬಿದ್ದಾಗ ನಾವು ಸ್ವಲ್ಪ ಯೂರಿಯಾ ಹಾಕಿ ಸರಿಮಾಡುತ್ತಿದ್ದೆವು, ಅದನ್ನೇಕೆ ಯಾರೂ ಹೇಳುತ್ತಿಲ್ಲ?

ಪ್ರಯೋಗಾಲಯದ ಮೇಜು

ಪರೀಕ್ಷೆಯಲ್ಲಿ ನಾವು ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತೇವೆ. ಯೂರಿಯಾದಲ್ಲಿ ಸಾರಜನಕ ಶೇ. 46, ಅಂದರೆ ಲೆಕ್ಕದಲ್ಲಿ ಅದು ಶೇ. 287 ಪ್ರೋಟೀನ್. ಸಾಲ್ವರ್‌ಗೆ ಅದನ್ನು ತೋರಿಸಿದರೆ ಕೆಜಿಗೆ 211 ರೂಪಾಯಿ ಕೊಟ್ಟಾದರೂ ಕೊಳ್ಳಿ ಎನ್ನುತ್ತದೆ, ಎಷ್ಟು ಬಿಟ್ಟರೆ ಅಷ್ಟನ್ನೂ ತುಂಬುತ್ತದೆ. ಹಸುವಿನ ಮೆಲುಕು ಚೀಲದಲ್ಲಿ ಅದು ಅಮೋನಿಯಾ ಆಗಿ ಬಿಡುಗಡೆಯಾಗುತ್ತದೆ, ಅದನ್ನು ಬಳಸಿಕೊಳ್ಳಲು ಸೂಕ್ಷ್ಮಜೀವಿಗಳಿಗೆ ಪಿಷ್ಟದ ಶಕ್ತಿ ಬೇಕು. ಮೆಕ್ಕೆಜೋಳ ಸೊನ್ನೆಯಾದ ಮಿಶ್ರಣಕ್ಕೆ ಯೂರಿಯಾ ಸೇರಿಸುವುದು ಅತ್ಯಂತ ಅಪಾಯಕರ. ಹೆಚ್ಚಾದರೆ ಹಸು ನಡುಗಿ, ಜೊಲ್ಲು ಸುರಿಸಿ, ಹೊಟ್ಟೆ ಉಬ್ಬಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಬಳಸುವುದೇ ಆದರೆ ಶೇ. 1ರ ಗೋಡೆಯನ್ನು ಕಟ್ಟಿ, ಮಿಕ್ಸರ್‌ನಲ್ಲಿ ಸಮನಾಗಿ ಬೆರೆಯುತ್ತದೆಂದು ಪರೀಕ್ಷಿಸಿ, ಚೀಲದ ಮೇಲೆ ಮುದ್ರಿಸಿ. ಕರುಗಳ ಆಹಾರಕ್ಕೆ ಬೇಡವೇ ಬೇಡ. ಗೊಬ್ಬರದ ರಿಯಾಯಿತಿ ಯೂರಿಯಾವನ್ನು ಮಿಲ್ಲಿಗೆ ತಿರುಗಿಸುವುದು ಕಾನೂನಿಗೂ ವಿರುದ್ಧ.

ಮಿಶ್ರಣ ಮೇಜಿನವರ ಲೆಕ್ಕಕ್ಕೂ ನನ್ನದೊಂದು ತಕರಾರು ಇದೆ. ಸರಿಯಾಗಿ 18ಕ್ಕೆ ಗುರಿಯಿಟ್ಟರೆ, ಹಿಂಡಿ ಲಾಟಿನಿಂದ ಲಾಟಿಗೆ ಏರಿಳಿಯುವುದರಿಂದ, ಸರಿಸುಮಾರು ಅರ್ಧದಷ್ಟು ಲಾಟುಗಳು 18ರ ಕೆಳಗೆ ಬೀಳುತ್ತವೆ. ಕನಿಷ್ಠ ಅರ್ಧ ಅಂಶ ಮೇಲಿಟ್ಟು 18.5ಕ್ಕೆ ಲೆಕ್ಕ ಹಾಕಬೇಕು.

ಮಿಶ್ರಣ ಮೇಜು

ಅರ್ಧ ಅಂಶಕ್ಕೆ ಕ್ವಿಂಟಾಲಿಗೆ 33 ರೂಪಾಯಿ, ಈ ಮಿಲ್ಲಿಗೆ ದಿನಕ್ಕೆ ಆರೂವರೆ ಸಾವಿರಕ್ಕಿಂತ ಹೆಚ್ಚು. ಅದೇ ಹಣದಲ್ಲಿ ಪ್ರತಿ ಲಾರಿಯನ್ನೂ ಪರೀಕ್ಷಿಸಿ ಅಂಚನ್ನು ಕಾಲು ಅಂಶಕ್ಕೆ ಇಳಿಸಬಹುದು ಎಂಬುದು ನನ್ನ ನಿಲುವು.

ಪ್ರಯೋಗಾಲಯದ ಮೇಜು

ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಆ ಹಿಂಡಿ ಪೆಲೆಟ್ ಆಗಿ ಚೀಲ ಸೇರಿರುತ್ತದೆ. ಸಣ್ಣ ಮಿಲ್ಲುಗಳಲ್ಲಿ ಮೂರು ದಿನದ ದಾಸ್ತಾನು ಇಡುವಷ್ಟು ಜಾಗ ಎಲ್ಲಿದೆ? ಅರ್ಧ ಅಂಶಕ್ಕಿಂತ ಕಡಿಮೆಗೆ ನಾನು ಒಪ್ಪುವುದಿಲ್ಲ.

ರಾಣೆಬೆನ್ನೂರು ಮಿಲ್

ಇಬ್ಬರಿಗೂ ಧನ್ಯವಾದ. ನಮ್ಮಲ್ಲಿ ಹಿಂಡಿಗೆ ಎರಡು ದಿನದ ಜಾಗವಿದೆ, ಪರೀಕ್ಷೆಗೆ ಮೂರು ದಿನ ಹಿಡಿಯುತ್ತದೆ. ಸದ್ಯಕ್ಕೆ ಹಿಂಡಿಯನ್ನು 42 ಎಂದೇ ಹಿಡಿದು, ಮಿತಿಯನ್ನು 18.5ಕ್ಕೆ ಇಟ್ಟು ನಾಳೆಯಿಂದ ಮಿಶ್ರಣ ಆರಂಭಿಸುತ್ತೇನೆ. ಶಕ್ತಿಯ ಸಾಲನ್ನು ಇನ್ನೂ ಬರೆದಿಲ್ಲ; ಅದಕ್ಕೆ ಎಷ್ಟು ಟಿಡಿಎನ್ ಇಡಬೇಕೆಂದು ಮಿಶ್ರಣ ಮೇಜಿನವರು ತಿಳಿಸಬೇಕು. ದಾವಣಗೆರೆಯವರೇ, ನಿಮ್ಮ ಡಿಡಿಜಿಎಸ್ ಒಂದು ಲಾರಿ ಬೇಕು, ಆದರೆ ಇಳಿಸುವ ಮೊದಲು ನಮ್ಮ ಹುಡುಗರೇ ಚೀಲಗಳಿಗೆ ಕೊಳವೆ ಚುಚ್ಚಿ ಮಾದರಿ ತೆಗೆಯುತ್ತಾರೆ.

ದಾವಣಗೆರೆ ದಲ್ಲಾಳಿ

ಚುಚ್ಚಲಿ, ಅಡ್ಡಿಯಿಲ್ಲ. ಆದರೆ ಫಲಿತಾಂಶ ಬರುವವರೆಗೆ ನಿಂತ ಲಾರಿಯ ಬಾಡಿಗೆ ಯಾರದು ಎಂಬುದನ್ನು ಮೊದಲು ಮಾತಾಡಿಕೊಳ್ಳೋಣ.